‘ಡಬ್ಲಿನರ್ಸ್’ ಸಂಕಲನದಲ್ಲಿ ವ್ಯಂಗ್ಯದ ಸೂತ್ರ: ಪ್ರಬಂಧದ ಸಾರಾಂಶ

ಜೇಮ್ಸ್ ಜಾಯ್ಸ್‌ರ ‘ಡಬ್ಲಿನರ್ಸ್’ (1914) ಸಂಕಲನದ 15 ಕಥೆಗಳನ್ನು ಒಂದಾಗಿ ಬೆಸೆದಿರುವುದು ಡಬ್ಲಿನ್ ನಗರಕ್ಕಿಂತ ಹೆಚ್ಚಾಗಿ ವ್ಯಂಗ್ಯವೆಂದು ಈ ಪ್ರಬಂಧ ವಾದಿಸುತ್ತದೆ. ಪಾತ್ರಗಳು ಕಾಣದ್ದನ್ನು ಓದುಗ ಕಾಣುವುದೇ ಇಲ್ಲಿನ ವ್ಯಂಗ್ಯ. ‘ಗ್ರೇಸ್’ ಕಥೆಯಲ್ಲಿ, ಕುಡಿದು ಮೆಟ್ಟಿಲಿನಿಂದ ಉರುಳಿದ ಕರ್ನನ್‌ನನ್ನು ಗೆಳೆಯರು ಧ್ಯಾನಕೂಟಕ್ಕೆ ಕರೆದೊಯ್ಯುತ್ತಾರೆ. ಅಲ್ಲಿ ಬೋಧಕ ಗುರುಗಳು ತಮ್ಮನ್ನು ಆಧ್ಯಾತ್ಮಿಕ ಲೆಕ್ಕಿಗರೆಂದು ಕರೆದುಕೊಳ್ಳುತ್ತಾರೆ. ಉಚಿತವಾದ ವರಪ್ರಸಾದದ ಹೆಸರು ಹೊತ್ತ ಕಥೆ ಜಮಾಖರ್ಚಿನಲ್ಲಿ ಮುಗಿಯುವುದನ್ನು ಸಭಿಕರಾರೂ ಗಮನಿಸುವುದಿಲ್ಲ. ‘ಅರೇಬಿ’ಯ ಬಾಲಕನಿಗೆ ತನ್ನ ಭ್ರಮೆಯ ಅರಿವಾಗುತ್ತದೆ, ನಿಜ, ಆದರೆ ಆ ಅರಿವು ತನ್ನ ಮೇಲಿನ ಸಿಟ್ಟಿನಲ್ಲಿ ನಿಂತುಬಿಡುತ್ತದೆ. ಕೊನೆಯ ಕಥೆ ‘ದ ಡೆಡ್’ನಲ್ಲಿ, ಹದಿನೇಳರ ಹರೆಯದಲ್ಲೇ ಮಡಿದ ಹುಡುಗನೊಬ್ಬ ಪತ್ನಿಯ ನೆನಪಿನಲ್ಲಿ ತನಗಿಂತ ಜೀವಂತನಾಗಿರುವುದನ್ನು ಗೇಬ್ರಿಯಲ್ ಕಂಡುಕೊಳ್ಳುತ್ತಾನೆ. ಸಿಟ್ಟಾಗಬೇಕಾದಲ್ಲಿ ಅವನ ಕಣ್ಣು ತುಂಬುತ್ತದೆ. ಕಥೆಗಳ ಕ್ರಮ ಹೀಗಿಲ್ಲದಿದ್ದರೂ, ಕುರುಡು, ಅರಿವು, ಕರುಣೆ ಎಂಬ ಈ ಮೂರು ನೆಲೆಗಳೇ ಸಂಕಲನದ ವ್ಯಂಗ್ಯದ ಸೂತ್ರ.