ಯಂತ್ರಲಿಪಿಕಾರನೂ ಪಾಠಪ್ರಾಮಾಣ್ಯವೂ

ಗ್ರಂಥಗಳ ಶಬ್ದಪ್ರಯೋಗಗಳನ್ನು ಕುರಿತು ಬರೆಯುವವರು ಈಚೆಗೆ ಒಂದು ಹೊಸ ಬಗೆಯ ವಾದವನ್ನು ಮುಂದಿಡತೊಡಗಿರುವರು. “ಈ ಶಬ್ದವು ಈ ಗ್ರಂಥದಲ್ಲಿ ಎಲ್ಲಿಯೂ ಇಲ್ಲ, ಹುಡುಕಿ ನೋಡಿದುದಾಗಿದೆ” ಎಂಬುದೇ ಆ ವಾದ. ಹುಡುಕಿದವರು ಪುಟಗಳನ್ನು ಮಗುಚಿದವರಲ್ಲ. ಅಚ್ಚಾದ ಪುಸ್ತಕದ ಛಾಯಾಪ್ರತಿಯನ್ನು ಯಂತ್ರವು ಓದಿ ಬರೆದುಕೊಟ್ಟ ಪಾಠದಲ್ಲಿ ಶಬ್ದವನ್ನು ಕೇಳಿ, ಯಂತ್ರವು ಇಲ್ಲವೆಂದುದನ್ನು ಒಪ್ಪಿಕೊಂಡವರು. ಇದು ಅನುಪಲಬ್ಧಿಯಿಂದ ಅಭಾವವನ್ನು ಸಾಧಿಸುವ ಕ್ರಮವೇ ಸರಿ. ಆದರೆ ಅನುಪಲಬ್ಧಿಯನ್ನು ಬೇರೆಯೇ ಒಂದು ಪ್ರಮಾಣವೆಂದು ಅಂಗೀಕರಿಸಿದ ಭಾಟ್ಟಮೀಮಾಂಸಕರೂ ಅದ್ವೈತವೇದಾಂತಿಗಳೂ ಅದಕ್ಕೆ ಯೋಗ್ಯತೆಯೆಂಬ ನಿಯಮವನ್ನು ಹೇಳಿರುತ್ತಾರೆ. ವಸ್ತುವು ಅಲ್ಲಿ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬುದು ಸಿದ್ಧವಾದಾಗ ಮಾತ್ರ ಕಾಣದಿರುವಿಕೆಯು ಇಲ್ಲದಿರುವಿಕೆಗೆ ಸಾಧಕವಾಗುತ್ತದೆ. ಕತ್ತಲೆಯ ಕೋಣೆಯಲ್ಲಿ ಗಡಿಗೆಯು ಕಾಣದಿದ್ದ ಮಾತ್ರಕ್ಕೆ ಗಡಿಗೆಯಿಲ್ಲವೆಂದು ಹೇಳಲಾಗದು. ಯಂತ್ರಪಾಠಕ್ಕೆ ಈ ಯೋಗ್ಯತೆಯು ಎಷ್ಟರಮಟ್ಟಿಗೆ ಇದೆಯೆಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

1. ಛಾಯಾಪ್ರತಿಯ ಗುಣ

ಕನ್ನಡದ ಅಕ್ಷರಗಳಲ್ಲಿ ಅನೇಕ ಜೋಡಿಗಳ ಭೇದವು ಅತ್ಯಲ್ಪವಾದ ಒಂದು ಗುರುತಿನಲ್ಲಿ ಅಡಗಿದೆ. ‘ದ’ಕಾರಕ್ಕೂ ‘ಧ’ಕಾರಕ್ಕೂ ಇರುವ ವ್ಯತ್ಯಾಸವು ಬುಡದ ಒಂದು ಸಣ್ಣ ಸೀಳು, ‘ರ’ ‘ಠ’ಗಳಿಗೆ ನಡುವಣ ಒಂದು ಚುಕ್ಕೆ, ‘ಪ’ ‘ಷ’ಗಳಿಗೆ ಒಳಗಣ ಒಂದು ಗೆರೆ. ‘ಮ’ ‘ವು’ಗಳ ಭೇದವನ್ನಂತೂ ಕಣ್ಣುಳ್ಳವರೇ ಮಾಸಿದ ಅಚ್ಚಿನಲ್ಲಿ ಸಂದರ್ಭದಿಂದ ಊಹಿಸುವರು.

ಛಾಯಾಪ್ರತಿಯ ಸೂಕ್ಷ್ಮತೆಯನ್ನು ಅಂಗುಲವೊಂದಕ್ಕೆ ಎಷ್ಟು ಬಿಂದುಗಳೆಂದು ಎಣಿಸುವುದು ರೂಢಿ. ಅಂಗುಲಕ್ಕೆ 300 ಬಿಂದುಗಳಿದ್ದರೆ ಮಿಲಿಮೀಟರಿಗೆ ಸುಮಾರು 12 ಬಿಂದುಗಳಾಗುತ್ತವೆ. ‘ಧ’ಕಾರದ ಸೀಳಿನ ಅಗಲವು ಮಿಲಿಮೀಟರಿನ ಐದರಲ್ಲೊಂದು ಭಾಗವಿದ್ದಿತೆಂದು ಭಾವಿಸಿದರೆ, ಅದಕ್ಕೆ ದೊರೆಯುವುದು ಎರಡು ಬಿಂದುಗಳಿಗಿಂತ ತುಸು ಹೆಚ್ಚು. ಅದೇ ಪುಟವನ್ನು 150 ಬಿಂದುಗಳಲ್ಲಿ ತೆಗೆದರೆ ಉಳಿಯುವುದು ಸರಿಸುಮಾರು ಒಂದೇ ಬಿಂದು. ಅದರ ಮೇಲೆ ಮಸಿಯು ಹರಡಿದ್ದರೆ ಸೀಳು ಮುಚ್ಚಿಹೋಗುತ್ತದೆ. ಬಳಿಕ ಯಾವ ಯಂತ್ರಕ್ಕೂ ಅದು ‘ದ’ಕಾರವೇ. ಆದಕಾರಣ 300 ಬಿಂದುಗಳು ಕನಿಷ್ಠವೆಂದೂ, ಸಣ್ಣ ಅಚ್ಚಿಗೂ ಅಡಿಟಿಪ್ಪಣಿಗಳಿಗೂ 400 ಅಥವಾ 600 ಬಿಂದುಗಳು ಯುಕ್ತವೆಂದೂ ತಿಳಿಯತಕ್ಕದ್ದು. ಪ್ರತಿಯನ್ನು ತೆಗೆಯುವಾಗಲೇ ಶುದ್ಧ ಕಪ್ಪು-ಬಿಳುಪಾಗಿ ಮಾರ್ಪಡಿಸದೆ ಬೂದುಬಣ್ಣದ ಛಾಯೆಗಳೊಡನೆ ಉಳಿಸಿಕೊಳ್ಳುವುದು ಉತ್ತಮ. ಹಳದಿಯಾದ ಕಾಗದದಲ್ಲಿ ಕಪ್ಪು ಯಾವುದು ಬಿಳುಪು ಯಾವುದೆಂಬ ತೀರ್ಪನ್ನು ಒಮ್ಮೆ ಕೊಟ್ಟಮೇಲೆ ಕಳೆದುಹೋದ ಚುಕ್ಕೆಯು ಮರಳಿ ಬಾರದು.

ಎರಡನೆಯ ಕಾರಣವು ಒತ್ತಕ್ಷರ. ಯಂತ್ರವು ಮೊದಲು ಪುಟವನ್ನು ಸಾಲುಗಳಾಗಿ ಬಿಡಿಸಿ ಅನಂತರ ಸಾಲನ್ನು ಓದುತ್ತದೆ. ಕನ್ನಡದಲ್ಲಿ ಮೇಲಣ ಸಾಲಿನ ಒತ್ತುಗಳು ಕೆಳಕ್ಕೆ ಇಳಿಯುತ್ತವೆ. ಕೆಳಗಣ ಸಾಲಿನ ತಲೆಕಟ್ಟೂ ಗುಡಿಸೂ ಮೇಲಕ್ಕೆ ಏರುತ್ತವೆ. ಸಾಲುಗಳ ನಡುವಣ ತೆರಪು ಕಿರಿದಾದರೆ ಇವೆರಡೂ ತಾಗುತ್ತವೆ. ಪುಟವು ಓರೆಯಾಗಿದ್ದರಂತೂ ಕೇಳುವುದೇ ಬೇಡ: 100 ಮಿಲಿಮೀಟರ್ ಉದ್ದದ ಸಾಲು ಒಂದೇ ಒಂದು ಡಿಗ್ರಿ ಓರೆಯಾದರೂ ಅದರ ಕೊನೆಯು ಮೊದಲಿಗಿಂತ 1.7 ಮಿಲಿಮೀಟರಿನಷ್ಟು ಕೆಳಗಿಳಿಯುತ್ತದೆ. ಇದು ಒಂದು ಒತ್ತಿನ ಎತ್ತರಕ್ಕೆ ಹತ್ತಿರದ ಪ್ರಮಾಣ. ಹೀಗಾದಾಗ ಒತ್ತುಗಳು ತಮ್ಮ ಸಾಲಿನಿಂದ ಬೇರ್ಪಟ್ಟು, ‘ಅಕ್ಕ’ ಎಂಬುದು ‘ಅಕ’ ಎಂದಾಗುವ ಸಂಭವವುಂಟು. ಒಂದು ಪುಟದಲ್ಲಿ ದೋಷಗಳೆಲ್ಲವೂ ಒತ್ತುಗಳಲ್ಲಿಯೇ, ಅದರಲ್ಲಿಯೂ ಸಾಲಿನ ಒಂದೇ ಕೊನೆಯಲ್ಲಿ, ಗುಂಪುಗೂಡಿದ್ದರೆ ಅಕ್ಷರಜ್ಞಾನದ ಕೊರತೆಗಿಂತ ಪುಟದ ಓರೆಯನ್ನು ಮೊದಲು ಶಂಕಿಸಬೇಕು.

2. ಕಣ್ಣಿಗೆ ಕಾಣದ ದೋಷಗಳು

ಮೇಲೆ ಹೇಳಿದವು ಓದಿದರೆ ತಿಳಿಯುವ ದೋಷಗಳು. ಇವಕ್ಕಿಂತ ಅಪಾಯಕರವಾದುವು ಓದಿದರೂ ತಿಳಿಯದವು. ಅನುಸ್ವಾರವೂ ಸೊನ್ನೆಯೂ ಅಚ್ಚಿನಲ್ಲಿ ಒಂದೇ ವರ್ತುಲ. ಆದರೆ ಯೂನಿಕೋಡ್ ಸಂಕೇತದಲ್ಲಿ ಅನುಸ್ವಾರಕ್ಕೆ U+0C82 ಎಂದೂ ಸೊನ್ನೆಗೆ U+0CE6 ಎಂದೂ ಬೇರೆ ಬೇರೆ ಸ್ಥಾನಗಳಿವೆ. ಯಂತ್ರವು ‘ಸಂಸ್ಕೃತ’ ಎಂಬಲ್ಲಿ ಸೊನ್ನೆಯನ್ನಿಟ್ಟು ‘ಸ೦ಸ್ಕೃತ’ ಎಂದು ಬರೆದರೆ, ಎಂಥ ಜಾಗರೂಕನಾದ ಕರಡು ತಿದ್ದುವವನಾದರೂ ಅದನ್ನು ಸರಿಯೆಂದೇ ಬಿಡುವನು. ಹುಡುಕುವ ಯಂತ್ರಕ್ಕಾದರೋ ಅದು ಬೇರೆಯೇ ಶಬ್ದ.

ಅರ್ಕಾವೊತ್ತಿನ ಸ್ಥಿತಿಯೂ ಇಂತಹುದೇ. ಉಚ್ಚಾರಣೆಯಲ್ಲಿ ಮೊದಲು ಬರುವ ರೇಫವು ಬರವಣಿಗೆಯಲ್ಲಿ ವ್ಯಂಜನದ ಬಲಕ್ಕೆ ನಿಲ್ಲುತ್ತದೆ. ಯೂನಿಕೋಡ್ ಉಚ್ಚಾರಣಕ್ರಮವನ್ನು ಅನುಸರಿಸುವುದರಿಂದ ಯಂತ್ರವು ಬಲದಲ್ಲಿ ಕಂಡುದನ್ನು ಎಡಕ್ಕೆ ತಂದು ಬರೆಯಬೇಕು. ಹಾಗೆ ತಾರದೆ, ಆ ಗುರುತಿನ ಆಕಾರಸಾಮ್ಯದಿಂದ ಅದನ್ನು ಒಂಬತ್ತರ ಅಂಕಿಯೆಂದು ಗ್ರಹಿಸಿದರೆ ‘ಧರ್ಮ’ವು ‘ಧಮ೯’ ಆಗುತ್ತದೆ.

ಈ ಎರಡಕ್ಕೂ ಪರಿಹಾರವನ್ನು ಸ್ಥಾನಿ-ಆದೇಶಗಳ ರೀತಿಯಲ್ಲಿ ವಿಧಿಸಬಹುದು. ಅಕ್ಷರದ ಪರದಲ್ಲಿದ್ದು ಮುಂದೆ ಅಂಕಿಯಿಲ್ಲದ ಸೊನ್ನೆಗೆ ಅನುಸ್ವಾರವು ಆದೇಶ. ವ್ಯಂಜನಗುಚ್ಛಕ್ಕೆ ಪರವಾಗಿದ್ದು ಮುಂದೆ ಅಂಕಿಯಿಲ್ಲದ ಒಂಬತ್ತನ್ನು ತೆಗೆದು, ಆ ಗುಚ್ಛಕ್ಕೆ ಮೊದಲು ‘ರ್’ ಎಂಬುದನ್ನಿಡುವುದು ಎರಡನೆಯ ವಿಧಿ. ಅಂಕಿಗಳ ನಡುವಣ ಸೊನ್ನೆಯೂ ಒಂಬತ್ತೂ ಇದಕ್ಕೆ ಅಪವಾದ. ಈ ಅಪವಾದವನ್ನು ಮರೆತು ಎಲ್ಲ ಸೊನ್ನೆಗಳನ್ನೂ ಬದಲಾಯಿಸಿದರೆ ಗ್ರಂಥದ ಪದ್ಯಸಂಖ್ಯೆಗಳೇ ಕೆಡುವುವು.

3. ಬಲ್ಲ ಲಿಪಿಕಾರನ ದೋಷ

ಓಲೆಗರಿಗಳನ್ನು ಪರಿಶೋಧಿಸಿದವರಿಗೆ ಇಬ್ಬರು ಲಿಪಿಕಾರರ ಪರಿಚಯವುಂಟು. ಅರ್ಥವರಿಯದವನು ಕಂಡಂತೆ ಬರೆದು ನಿರರ್ಥಕವಾದ ಪಾಠಗಳನ್ನು ಬಿಡುತ್ತಾನೆ. ಅವನ ತಪ್ಪು ತಾನಾಗಿಯೇ ಗೋಚರಿಸುತ್ತದೆ. ಅರ್ಥವನ್ನು ಬಲ್ಲವನು ಅಪರಿಚಿತ ಪದವನ್ನು ಪರಿಚಿತಪದವಾಗಿ ತಿದ್ದಿಬಿಡುತ್ತಾನೆ. ಅವನ ತಪ್ಪು ಸೊಗಸಾದ ಪಾಠದಂತೆ ತೋರುತ್ತದೆ. ಅಕ್ಷರಗ್ರಾಹಕ ಯಂತ್ರಗಳ ಚರಿತ್ರೆಯಲ್ಲಿಯೂ ಈ ಎರಡು ಅವಸ್ಥೆಗಳಿವೆ. 1985ರಿಂದ 1994ರವರೆಗೆ ಒಂದು ವಾಣಿಜ್ಯಸಂಸ್ಥೆಯಲ್ಲಿ ರಚಿತವಾಗಿ 2005ರಲ್ಲಿ ಸರ್ವರಿಗೂ ಮುಕ್ತವಾದ ಟೆಸರಾಕ್ಟ್ ಎಂಬ ತಂತ್ರಾಂಶವು ಮೊದಲು ಒಂದೊಂದು ಅಕ್ಷರದ ಆಕೃತಿಯನ್ನು ಪರೀಕ್ಷಿಸುತ್ತಿತ್ತು. 2018ರಲ್ಲಿ ಬಂದ ನಾಲ್ಕನೆಯ ಆವೃತ್ತಿಯು ಇಡೀ ಸಾಲನ್ನು ನರಜಾಲದ ಮೂಲಕ ಓದುತ್ತದೆ. ಅಕ್ಕಪಕ್ಕದ ಅಕ್ಷರಗಳ ನೆರವಿನಿಂದ ಸಂದಿಗ್ಧವಾದುದನ್ನು ನಿರ್ಣಯಿಸುತ್ತದೆ. ಅಂದರೆ ಅದು ಅರ್ಥವರಿಯದ ಲಿಪಿಕಾರನ ಸ್ಥಾನದಿಂದ ಬಲ್ಲ ಲಿಪಿಕಾರನ ಸ್ಥಾನದ ಕಡೆಗೆ ಸರಿದಿದೆ. ಅದನ್ನು ಪ್ರಯೋಗಿಸುವ ಆಜ್ಞೆಯು ಹೀಗಿದೆ:

```
tesseract puta.tif puta -l kan --psm 6 txt pdf
```

ಇಲ್ಲಿ `kan` ಎಂಬುದು ಕನ್ನಡದ ಶಿಕ್ಷಣದತ್ತಾಂಶ. `--psm 6` ಎಂಬುದು ಪುಟವು ಸಮರೂಪವಾದ ಒಂದೇ ಪಾಠಖಂಡವೆಂಬ ಸೂಚನೆ. ಕೊನೆಯ ಎರಡು ಪದಗಳಿಂದ ಬಿಡಿ ಪಾಠವೂ, ಚಿತ್ರದ ಹಿಂದೆ ಪಾಠವನ್ನು ಅಡಗಿಸಿಟ್ಟ ಕಡತವೂ ದೊರೆಯುತ್ತವೆ.

ಈ ಲಿಪಿಕಾರನು ಕಲಿತದ್ದು ಬಹುಮಟ್ಟಿಗೆ ಇಂದಿನ ಗಣಕಾಕ್ಷರಗಳಿಂದ ರಚಿಸಿದ ಸಾಲುಗಳಲ್ಲಿ. ಹೊಸಗನ್ನಡದ ಪುಸ್ತಕಕ್ಕೆ ಇದು ಉಪಕಾರಕ. ಹಳಗನ್ನಡದ ಮುದ್ರಣಕ್ಕೆ ಬಾಧಕ. ಇಂದಿನ ಬರವಣಿಗೆಯಲ್ಲಿ ಱಕಾರ ೞಕಾರಗಳು ಲುಪ್ತಪ್ರಾಯವಾಗಿರುವುದರಿಂದ, ಅವುಗಳ ಸ್ಥಾನದಲ್ಲಿ ರಕಾರ ಳಕಾರಗಳನ್ನು ಬರೆಯುವ ಒಲವು ಇಂತಹ ಯಂತ್ರಕ್ಕೆ ಸಹಜವಾಗಿರುತ್ತದೆ. ‘ಬಾೞ್’ ಎಂದರೆ ಬದುಕು. ‘ಬಾಳ್’ ಎಂದರೆ ಕತ್ತಿ. ಮೊದಲನೆಯದು ಎರಡನೆಯದಾದರೆ ಬದುಕುವವನು ಕತ್ತಿಯಾಗುವನು. ‘ಅಱಿ’ ಎಂಬ ಜ್ಞಾನಾರ್ಥಕ ಧಾತು ‘ಅರಿ’ಯಾದರೆ ತಿಳಿವು ಶತ್ರುವಾಗುವುದು. ಕೇಶಿರಾಜನು ೞಕಾರವುಳ್ಳ ಶಬ್ದಗಳನ್ನು ಬೇರೆಯಾಗಿ ಪಟ್ಟಿಮಾಡಿದುದು ಈ ಭೇದವು ಮರೆಯಾಗದಿರಲೆಂದೇ. ಯಂತ್ರಪಾಠದ ಬಲದಿಂದ ಒಂದು ಕಾವ್ಯದಲ್ಲಿ ೞಕಾರವು ಎಷ್ಟು ಸವೆದಿದೆಯೆಂದು ಎಣಿಸಿ ಕಾಲನಿರ್ಣಯಕ್ಕೆ ಹೊರಡುವವರು, ಕವಿಯ ಭಾಷೆಯನ್ನಲ್ಲದೆ ಯಂತ್ರದ ಅಭ್ಯಾಸವನ್ನೇ ಎಣಿಸುತ್ತಿರಬಹುದು.

4. ಶುದ್ಧತೆಯ ಎಣಿಕೆ

ಪಾಠವು ‘ನೂರಕ್ಕೆ ಇಷ್ಟು ಶುದ್ಧ’ ಎಂಬ ಮಾತಿಗೆ, ಯಾವುದನ್ನು ಎಣಿಸಿದರೆಂದು ಹೇಳದ ಹೊರತು ಅರ್ಥವಿಲ್ಲ. ನಿದರ್ಶನಕ್ಕಾಗಿ ‘ಸಂಸ್ಕೃತ ಪಂಡಿತನ ಧರ್ಮವು’ ಎಂಬ ಪದಗಳನ್ನು ಯಂತ್ರವು ‘ಸ೦ಸ್ಕೃತ ಪಂಡಿತನ ದಮ೯ವು’ ಎಂದು ಓದಿತೆಂದು ಕಲ್ಪಿಸಬಹುದು. ಮೂಲದಲ್ಲಿ ಎರಡು ತೆರಪುಗಳೂ ಸೇರಿ 21 ಸಂಕೇತಗಳಿವೆ. ಕಣ್ಣಿಗೆ ತೋರುವಂತೆ ಯಂತ್ರವು ಎಡವಿದುದು ಮೂರೇ ಗುರುತುಗಳಲ್ಲಿ: ಅನುಸ್ವಾರ, ‘ಧ’ಕಾರದ ಸೀಳು, ಅರ್ಕಾವೊತ್ತು. ಆದರೆ ಯಂತ್ರಪಾಠವನ್ನು ಮೂಲಕ್ಕೆ ತರಲು ಅನುಸ್ವಾರಕ್ಕೆ ಒಂದು, ಧಕಾರಕ್ಕೆ ಒಂದು, ‘ಮ೯’ ಎಂಬುದನ್ನು ‘ರ್ಮ’ ಮಾಡಲು ಮೂರು, ಹೀಗೆ ಐದು ತಿದ್ದುಪಡಿಗಳು ಬೇಕು. ಸಂಕೇತಗಳ ಲೆಕ್ಕದಲ್ಲಿ ದೋಷವು 21ಕ್ಕೆ 5, ಅಂದರೆ ನೂರಕ್ಕೆ ಸುಮಾರು 24. ಪದಗಳ ಲೆಕ್ಕದಲ್ಲಿ ಮೂರಕ್ಕೆ ಎರಡು. ಹುಡುಕುವವನಿಗೆ ಸಂಬಂಧಿಸಿದುದು ಈ ಕಡೆಯ ಲೆಕ್ಕವೇ. ಪದದಲ್ಲಿ ಒಂದು ಸಂಕೇತ ಕೆಟ್ಟರೂ ಆ ಪದವು ಅವನಿಗೆ ಇಲ್ಲವಾದಂತೆಯೇ ಸರಿ.

ದೊಡ್ಡ ಪ್ರಮಾಣದಲ್ಲಿಯೂ ಹೀಗೆಯೇ. ಪುಟದಲ್ಲಿ 1,500 ಸಂಕೇತಗಳಿದ್ದು ನೂರಕ್ಕೆ 98ರಷ್ಟು ಶುದ್ಧವೆಂದರೆ 30 ದೋಷಗಳು ಉಳಿಯುತ್ತವೆ. ಪದವೊಂದಕ್ಕೆ ಸರಾಸರಿ 8 ಸಂಕೇತಗಳಾದರೆ ಪುಟದಲ್ಲಿ ಸುಮಾರು 190 ಪದಗಳು. ದೋಷಗಳು ಚದರಿದ್ದರೆ ಅವುಗಳಲ್ಲಿ 30, ಅಂದರೆ ಆರಕ್ಕೊಂದು ಪದವು ಹುಡುಕಿದರೆ ಸಿಕ್ಕದು. ಸಮಾಸಗಳಿಂದ ನೀಳವಾದ ಪದಗಳಿಗೆ ಅಪಾಯವು ಇನ್ನೂ ಹೆಚ್ಚು. ಚಂಪೂಕಾವ್ಯಗಳ ಪಾಠದಲ್ಲಿ ಇದನ್ನು ವಿಶೇಷವಾಗಿ ನೆನೆಯಬೇಕು.

5. ಯೋಗ್ಯತೆಯ ಪರೀಕ್ಷೆ

ಹಾಗಾದರೆ ಯಂತ್ರಪಾಠವು ತ್ಯಾಜ್ಯವೇ ಎಂದರೆ, ಅಲ್ಲ. ಅದು ‘ಇದೆ’ ಎಂದು ತೋರಿಸಿದ ಸ್ಥಳವನ್ನು ಛಾಯಾಪ್ರತಿಯಲ್ಲಿ ಕ್ಷಣಮಾತ್ರದಲ್ಲಿ ನೋಡಿ ನಿಶ್ಚಯಿಸಬಹುದು. ಅಷ್ಟರಮಟ್ಟಿಗೆ ಅದರ ಉಪಕಾರವು ನಿರ್ವಿವಾದ. ‘ಇಲ್ಲ’ ಎಂಬ ಮಾತನ್ನು ಒಪ್ಪುವ ಮುನ್ನ ಮಾತ್ರ ಮೂರು ಕೆಲಸಗಳನ್ನು ಮಾಡತಕ್ಕದ್ದು. ಗ್ರಂಥದ ಬೇರೆ ಬೇರೆ ಭಾಗಗಳಿಂದ ಕೆಲವು ಪುಟಗಳನ್ನು ಆಯ್ದು ಕೈಯಿಂದ ಶುದ್ಧವಾಗಿ ಬರೆದು ಯಂತ್ರಪಾಠದೊಡನೆ ಹೋಲಿಸಿ, ಯಾವ ಅಕ್ಷರವು ಯಾವುದಾಗುತ್ತದೆಯೆಂಬ ಪಟ್ಟಿಯನ್ನು ಮಾಡಬೇಕು. ಆ ಪಟ್ಟಿಯ ಪ್ರಕಾರ ಹುಡುಕತಕ್ಕ ಶಬ್ದದ ವಿಕೃತರೂಪಗಳನ್ನು ಊಹಿಸಿ, ‘ಧರ್ಮ’ದೊಡನೆ ‘ಧಮ೯’, ‘ದರ್ಮ’, ‘ದಮ೯’ಗಳನ್ನೂ ಹುಡುಕಬೇಕು. ಕೊನೆಯದಾಗಿ, ಆ ಶಬ್ದವು ನಿಶ್ಚಯವಾಗಿ ಇರುವ ಒಂದೆರಡು ಸ್ಥಳಗಳನ್ನು ಅಚ್ಚಿನ ಪುಸ್ತಕದಲ್ಲಿ ಮೊದಲೇ ಗುರುತಿಸಿಕೊಂಡು, ಯಂತ್ರವು ಅವನ್ನು ತೋರಿಸುವುದೋ ಇಲ್ಲವೋ ನೋಡಬೇಕು. ಶಬ್ದವೇ ದೊರೆಯದ ಗ್ರಂಥದಲ್ಲಿ ಅದೇ ಅಕ್ಷರಗಳುಳ್ಳ ಬೇರೊಂದು ಪದದಿಂದ ಈ ಪರೀಕ್ಷೆಯನ್ನು ನಡಸಬಹುದು.

ಇದ್ದುದನ್ನು ತೋರಿಸಲಾರದ ಪಾಠವು ಇಲ್ಲದುದಕ್ಕೆ ಸಾಕ್ಷಿಯಾಗದು. ಪ್ರಯೋಗಾಭಾವವನ್ನು ಆಧಾರವಾಗಿಟ್ಟು ಬರೆಯುವ ಲೇಖಕರು, ಯಾವ ಮುದ್ರಣದ ಯಾವ ಛಾಯಾಪ್ರತಿಯನ್ನು ಯಾವ ತಂತ್ರಾಂಶದಿಂದ ಓದಿಸಿದರೆಂಬುದನ್ನೂ, ಮೇಲಣ ಪರೀಕ್ಷೆಯ ಫಲವನ್ನೂ, ಓಲೆಪ್ರತಿಗಳ ವಿವರವನ್ನು ಕೊಡುವಂತೆಯೇ ಲೇಖನದ ಮೊದಲಲ್ಲಿ ಕೊಡುವುದು ನ್ಯಾಯ್ಯ.