ಸಾಧಾರಣ ಮಳೆಯೆಂಬ ಮಾತು

ಜಯನಗರದ ನಮ್ಮ ಬ್ಲಾಕಿನ ಕನ್ನಡ ಬಳಗದವರು ಈ ಬೇಸಿಗೆಯಲ್ಲಿ ವಾಚನಾಲಯದ ಬೋರ್ಡಿಗೆ ‘ಮಳೆಯ ಏಣಿ’ ಎಂಬ ಪಟ್ಟಿಯೊಂದನ್ನು ತೂಗುಹಾಕಿದ್ದರು. ಕೆಳಗಿನ ಮೆಟ್ಟಿಲಲ್ಲಿ ತುಂತುರು; ಅದರ ಮೇಲೆ ಜಿಟಿಜಿಟಿ, ಸೋನೆ, ಜಡಿಮಳೆ, ಬಿರುಮಳೆ, ಧಾರಾಕಾರ, ಮುಸಲಧಾರೆ; ತುದಿಯಲ್ಲಿ ಕುಂಭದ್ರೋಣ. ಗಾಳಿಗೆ ಪಕ್ಕದಲ್ಲೇ ಒಂದು ಮರಿ ಏಣಿ. ಹವಾಮಾನ ವರದಿ ಓದುವವರಿಗೆ ಅನುಕೂಲವಾಗಲಿ ಎಂದು ಅಡಿಟಿಪ್ಪಣಿ. ಇಲಾಖೆಯ ‘ಹಗುರ, ಸಾಧಾರಣ, ಭಾರಿ’ ಎಂಬ ಒಣ ಮಾತಿಗೆ ಬದಲಾಗಿ ಈ ಜೀವಂತ ಪದಗಳನ್ನು ಬಳಸಬಾರದೇಕೆ ಎಂದು ಬಳಗದ ಸಭೆಯಲ್ಲಿ ಇಬ್ಬರು ಭಾಷಣ ಮಾಡಿದರು. ಚಪ್ಪಾಳೆಯೂ ಬಿತ್ತು.

ನಾನು ಚಪ್ಪಾಳೆ ತಟ್ಟಲಿಲ್ಲ. ಇಲಾಖೆಯ ಏಣಿಯ ಮೇಲೆ ನನಗೆ ಪ್ರೀತಿಯೇನೂ ಇಲ್ಲ. ಆದರೆ ಬಳಗದ ಏಣಿಯೂ ಅದರ ತಮ್ಮನೇ.

ಮೊದಲು ಅಣ್ಣನ ವಿಷಯ. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಒಂದು ದಿನದ ಮಳೆ ಎಂದರೆ ಬೆಳಿಗ್ಗೆ 8:30ರಿಂದ ಮರುದಿನ ಬೆಳಿಗ್ಗೆ 8:30ರ ತನಕ ಮಾಪಕದಲ್ಲಿ ಕೂಡಿದ ನೀರು. 2.5ರಿಂದ 15.5 ಮಿ.ಮೀ. ತನಕ ಹಗುರ, 15.6ರಿಂದ 64.4ರ ತನಕ ಸಾಧಾರಣ, 64.5ರಿಂದ 115.5ರ ತನಕ ಭಾರಿ, ಅಲ್ಲಿಂದ 204.4ರ ತನಕ ಅತಿ ಭಾರಿ, ಅದನ್ನೂ ದಾಟಿದರೆ ಅತ್ಯಂತ ಭಾರಿ. ಈ ಐದೂ ಮೆಟ್ಟಿಲುಗಳಲ್ಲಿ ನನ್ನ ಜಗಳ ಒಂದರ ಜೊತೆ ಮಾತ್ರ. ಬೆಂಗಳೂರಿನ ಮುನ್ಸೂಚನೆಯಲ್ಲಿ ಮಳೆಗಾಲದುದ್ದಕ್ಕೂ ಕಿವಿಗೆ ಬೀಳುವ ವಾಕ್ಯ ಇದು: ‘ಒಂದೆರಡು ಕಡೆ ಹಗುರದಿಂದ ಸಾಧಾರಣ ಮಳೆಯಾಗುವ ಸಾಧ್ಯತೆ ಇದೆ.’

ಈ ವಾಕ್ಯವನ್ನು ಕೇಳಿ ಯಾರೂ ಛತ್ರಿ ತೆಗೆದುಕೊಳ್ಳುವುದಿಲ್ಲ. ಕಾರಣ, ಕನ್ನಡದಲ್ಲಿ ‘ಸಾಧಾರಣ’ ಎಂದರೆ ವಿಶೇಷವೇನಿಲ್ಲ ಎಂದರ್ಥ. ಊಟ ಹೇಗಿತ್ತು? ಸಾಧಾರಣ. ಹುಡುಗ ಓದಿನಲ್ಲಿ ಹೇಗೆ? ಸಾಧಾರಣ. ಇಲಾಖೆಯವರು ನಡುವಿನ ಮೆಟ್ಟಿಲು ಎಂಬರ್ಥದಲ್ಲಿ ಇಟ್ಟ ಪದವನ್ನು ಕೇಳುಗ ‘ಬಿಡು, ಅಂಥದ್ದೇನಿಲ್ಲ’ ಎಂದು ಓದಿಕೊಳ್ಳುತ್ತಾನೆ. ಪದ ತಪ್ಪಲ್ಲ, ಅದು ಬಂದು ಕೂತ ಜಾಗ ತಪ್ಪು.

ಆ ಮೆಟ್ಟಿಲಿನ ಅಗಲವನ್ನೂ ನೋಡಿ. 15.6ರಿಂದ 64.4 ಎಂದರೆ ನಾಲ್ಕು ಪಟ್ಟು. ‘ಹಗುರದಿಂದ ಸಾಧಾರಣ’ ಎಂದು ಎರಡನ್ನೂ ಸೇರಿಸಿದರೆ 2.5ರಿಂದ 64.4, ಇಪ್ಪತ್ತೈದು ಪಟ್ಟು. ನಮ್ಮ ಕಡೆಯ ಮನೆಗಳ ಲೆಕ್ಕಕ್ಕೆ ಇಳಿಸಿ ಹೇಳುತ್ತೇನೆ. ಬನಶಂಕರಿ, ಜೆ.ಪಿ. ನಗರದಲ್ಲಿ ಎಲ್ಲರಿಗೂ ಗೊತ್ತಿರುವ ಸೈಟು ಮೂವತ್ತು ನಲವತ್ತು, ಅಂದರೆ 1200 ಚದರ ಅಡಿ. ಅದರ ಮೇಲೆ 15.6 ಮಿ.ಮೀ. ಬಿದ್ದರೆ ಸುಮಾರು 1740 ಲೀಟರ್ ನೀರು. ಸಂಪಿಗೆ ಬಿಟ್ಟುಕೊಂಡರೆ ಮನೆಯವರಿಗೆ ಸಂತೋಷ. 64.4 ಬಿದ್ದರೆ ಸುಮಾರು 7200 ಲೀಟರ್, ಬೇಸಿಗೆಯಲ್ಲಿ ದುಡ್ಡು ಕೊಟ್ಟು ತರಿಸುವ ಆರು ಸಾವಿರ ಲೀಟರಿನ ಟ್ಯಾಂಕರಿಗಿಂತ ಹೆಚ್ಚು. ಒಂದೊಂದು ಸೈಟಿನ ಮೇಲೂ ಒಂದೊಂದು ಟ್ಯಾಂಕರ್ ಮಗುಚಿದರೂ ಅದು ಸಾಧಾರಣವೇ. ಹಳೆಯ ವರ್ಗೀಕರಣದಲ್ಲಿ 35.6ರಿಂದ 64.4ರ ತನಕ ‘ತುಸು ಭಾರಿ’ ಎನ್ನಬಹುದಾದ ಬೇರೆ ಮೆಟ್ಟಿಲೇ ಇತ್ತು. ಪರಿಷ್ಕರಣೆಯಲ್ಲಿ ಅದನ್ನು ಕಿತ್ತು ಸಾಧಾರಣದೊಳಗೆ ಸೇರಿಸಿದರು. ನಮ್ಮ ಊರಿನ ರಸ್ತೆಗಳು ತುಂಬಿಕೊಳ್ಳುವುದು ಸರಿಯಾಗಿ ಆ ಕಿತ್ತ ಮೆಟ್ಟಿಲಿನಲ್ಲಿ.

ಇದಕ್ಕಿಂತ ದೊಡ್ಡ ತೊಡಕು ಕಾಲದ್ದು. ಆಷಾಢದಲ್ಲಿ ಗಂಟೆಗೆ ಒಂದೊಂದು ಮಿ.ಮೀ. ಲೆಕ್ಕದಲ್ಲಿ ಹದಿನೆಂಟು ಗಂಟೆ ಜಿನುಗಿದರೆ 18 ಮಿ.ಮೀ. ಆಯಿತು, ಸಾಧಾರಣ. ಏಪ್ರಿಲ್ ಸಂಜೆ ಅರ್ಧ ಗಂಟೆಯಲ್ಲಿ ರಪರಪ ಹೊಡೆದು 18 ಮಿ.ಮೀ. ಸುರಿದರೂ ಸಾಧಾರಣವೇ. ಮೊದಲನೆಯದರಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ. ಎರಡನೆಯದರಲ್ಲಿ ಸಿಲ್ಕ್ ಬೋರ್ಡ್ ದಾಟುವುದಾಗುವುದಿಲ್ಲ. ಇದು ಇಲಾಖೆಗೆ ತಿಳಿಯದ್ದಲ್ಲ. ಮುಂದಿನ ಮೂರು ಗಂಟೆಗೆಂದು ಕೊಡುವ ತತ್‌ಕ್ಷಣದ ಮುನ್ಸೂಚನೆಗೆ ಅವರದೇ ಇನ್ನೊಂದು ಅಳತೆ ಇದೆ: ಗಂಟೆಗೆ 5 ಮಿ.ಮೀ.ಗಿಂತ ಕಡಿಮೆ ಹಗುರ, 5ರಿಂದ 15 ಸಾಧಾರಣ, 15 ದಾಟಿದರೆ ಭಾರಿ. ಆದ್ದರಿಂದ ಸಂಜೆ ಐದಕ್ಕೆ ಗಂಟೆಗೆ 20 ಮಿ.ಮೀ. ಲೆಕ್ಕದಲ್ಲಿ ಸುರಿದು ಆರಕ್ಕೆ ನಿಂತ ಮಳೆ, ಸುರಿಯುವಾಗ ‘ಭಾರಿ’, ಮರುದಿನ ಬೆಳಿಗ್ಗೆ ಲೆಕ್ಕದ ಪುಸ್ತಕದಲ್ಲಿ ‘ಸಾಧಾರಣ’. ಒಂದೇ ಕಚೇರಿ, ಒಂದೇ ಮಳೆ, ಒಂದೇ ಜೋಡಿ ಪದಗಳು, ಎರಡು ಅರ್ಥ. ಕೇಳುವವನಿಗೆ ಯಾವ ಅಳತೆ ಎಂದು ಹೇಳುವವರಿಲ್ಲ.

ಏಣಿಯ ತುದಿಯಂತೂ ನಮ್ಮೂರಿಗೆ ಎಟುಕುವುದೇ ಇಲ್ಲ. 2025ರ ಮೇ 19ರ ಬೆಳಿಗ್ಗೆಗೆ ಮುಗಿದ ದಿನದಲ್ಲಿ ನಗರದ ವೀಕ್ಷಣಾಲಯದಲ್ಲಿ 105.5 ಮಿ.ಮೀ. ಬಿತ್ತು. ಬಿ.ಟಿ.ಎಂ. ಬಡಾವಣೆಯ ಕಡೆ ಅಪಾರ್ಟ್‌ಮೆಂಟೊಂದರ ನೆಲಮಾಳಿಗೆಯ ನೀರು ಹೊರಹಾಕುವಾಗ ವಿದ್ಯುತ್ ತಗುಲಿ ಇಬ್ಬರು ಸತ್ತರು. ಏಣಿಯಲ್ಲಿ ಅದು ಬರೀ ‘ಭಾರಿ’. ‘ಅತಿ ಭಾರಿ’ಗೆ ಇನ್ನೂ ಹತ್ತು ಮಿ.ಮೀ. ಬೇಕಿತ್ತು. 2024ರ ಜೂನ್ 2ರಂದು 111.1 ಮಿ.ಮೀ. ಬಿದ್ದು, 1891ರಿಂದ ನಿಂತಿದ್ದ ಜೂನ್ ದಾಖಲೆ ಮುರಿಯಿತು. ಅದೂ ‘ಭಾರಿ’ಯೇ. ಅರಮನೆ ರಸ್ತೆಯ ಆ ವೀಕ್ಷಣಾಲಯ ಕಂಡ ದೊಡ್ಡ ದಿನ 1997ರ ಅಕ್ಟೋಬರ್ 1, ಅಂದು 178.9. ‘ಅತ್ಯಂತ ಭಾರಿ’ ಶುರುವಾಗುವುದು 204.5ಕ್ಕೆ. ಅದು ಆಗುಂಬೆಗೆ ಹೊಲಿದ ಅಂಗಿ, ನಮಗೆ ತೋಳು ಉದ್ದ. ಮಲೆನಾಡಿನ ಜಲಾಶಯಗಳಿಗೂ ಹೊಲಗಳಿಗೂ ದಿನದ ಮೊತ್ತವೇ ಮುಖ್ಯ, ಅಲ್ಲಿ ಈ ಏಣಿ ಸರಿಯಾಗಿಯೇ ಕೆಲಸ ಮಾಡುತ್ತದೆ. ಅಷ್ಟನ್ನು ಒಪ್ಪಿ ಮುಂದೆ ಹೋಗುತ್ತೇನೆ.

ಇನ್ನು ತಮ್ಮನ ಸರದಿ. ಕನ್ನಡದಲ್ಲಿ ಮಳೆಗೆ ಎಷ್ಟೊಂದು ಪದಗಳಿವೆ ಎಂದು ಮುಂಗಾರು ಬಂದಾಗಲೆಲ್ಲ ಹೆಮ್ಮೆಪಡುವವರಿಗೆ ಆ ಪದಗಳನ್ನು ಕೇಳಿಸಿಕೊಳ್ಳುವ ತಾಳ್ಮೆ ಕಡಿಮೆ. ಏಣಿ ಕಟ್ಟುವುದೆಂದರೆ ಎಲ್ಲ ಪದಗಳೂ ಒಂದೇ ಗುಣವನ್ನು ಅಳೆಯುತ್ತವೆ ಎಂದು ನಂಬಿದಂತೆ. ತುಂತುರು ಅಳೆಯುವುದು ಹನಿಯ ಗಾತ್ರವನ್ನು. ಹವಾಮಾನಶಾಸ್ತ್ರವೂ ಜಿನುಗುಮಳೆಯನ್ನು ಹಾಗೆಯೇ ಗುರುತಿಸುತ್ತದೆ, ಹನಿಯ ಅಡ್ಡಳತೆ ಅರ್ಧ ಮಿ.ಮೀ.ಗಿಂತ ಕಡಿಮೆ ಇರಬೇಕು. ಜಿಟಿಜಿಟಿ, ಸೋನೆ, ಜಡಿ ಇವು ಹೇಳುವುದು ಬಿಡುವಿಲ್ಲದಿರುವುದನ್ನು. ಮಳೆ ‘ಜಡಿ ಹಿಡಿಯಿತು’ ಎಂದರೆ ಜೋರಾಯಿತು ಎಂದಲ್ಲ, ಬಿಡುತ್ತಿಲ್ಲ ಎಂದು. ಬಿರುಮಳೆ ಮಾತ್ರ ವೇಗದ ಪದ. ಇಂಗ್ಲಿಷಿನ ‘ಶವರ್’ ಕೂಡ ಹವಾಮಾನದವರ ಬಾಯಲ್ಲಿ ಸಣ್ಣ ಮಳೆಯಲ್ಲ. ರಾಶಿಮೋಡದಿಂದ ತಟ್ಟನೆ ಶುರುವಾಗಿ ತಟ್ಟನೆ ನಿಲ್ಲುವ ಮಳೆ. ಅದು ನಾಲ್ಕು ಹನಿಯೂ ಆಗಬಹುದು, ಚರಂಡಿ ಒಡೆಯುವಷ್ಟೂ ಆಗಬಹುದು. ಹಾಗಿರುವಾಗ ಸೋನೆ ಮೂರನೆಯದು, ಜಡಿ ನಾಲ್ಕನೆಯದು, ಬಿರುಮಳೆ ಐದನೆಯದು ಎನ್ನುವುದು ಉದ್ದ, ತೂಕ, ಬಣ್ಣಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ ಹಾಗೆ.

ಇದೇ ಜಯನಗರದಲ್ಲಿ ಬಾಳಿದ ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ ಅಂಕಣದಲ್ಲಿ ವರ್ಷಗಟ್ಟಲೆ ಓದುಗರ ಪದಸಂದೇಹಗಳಿಗೆ ಉತ್ತರ ಬರೆದವರು. ನಿಘಂಟಿನ ಕೆಲಸ ಒಂದು ಪದದ ಪಕ್ಕದಲ್ಲಿ ಇನ್ನೊಂದು ಏಕೆ ಬೇಕಾಯಿತೆಂದು ಕೇಳುವುದು, ಯಾವುದು ಮೇಲೆ ಎಂದಲ್ಲ. ಬಳಗದ ಭಾಷಣಕಾರರಿಗೆ ಇದನ್ನು ಹೇಳಿದರೆ, ನಾನು ಇಲಾಖೆಯ ಪರ ಎಂದರು.

ಅವರ ತುದಿಯ ಪದವನ್ನೇ ತೆಗೆದುಕೊಳ್ಳೋಣ. ಕುಂಭದ್ರೋಣ ಇಂದು ಪತ್ರಿಕೆಯ ತಲೆಬರಹದ ಅಲಂಕಾರ. ರಸ್ತೆಯಲ್ಲಿ ಎರಡು ಮರ ಬಿದ್ದರೆ ಸಾಕು, ಕುಂಭದ್ರೋಣ. ಆದರೆ ಕುಂಭವೂ ದ್ರೋಣವೂ ಅಳತೆಯ ಹೆಸರುಗಳು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇಪ್ಪತ್ತು ದ್ರೋಣಕ್ಕೆ ಒಂದು ಕುಂಭ. ಒಂದು ಮೊಳ ಬಾಯಿಯ ಪಾತ್ರೆಯನ್ನು ಮಳೆಮಾಪಕವಾಗಿ ಉಗ್ರಾಣದಲ್ಲಿ ಇಡಬೇಕೆಂದು ಅಲ್ಲಿದೆ. ಒಣನಾಡಿಗೆ ವರ್ಷಕ್ಕೆ ಹದಿನಾರು ದ್ರೋಣ, ನೀರುನಾಡಿಗೆ ಅದರ ಒಂದೂವರೆ ಪಟ್ಟು ಎಂದು ಮಳೆಯ ಲೆಕ್ಕವೂ ಇದೆ. ನಮ್ಮ ಪದ ಹುಟ್ಟಿದ್ದು ಅಲ್ಲಿಯೇ ಎಂದು ನಾನು ವಾದಿಸುತ್ತಿಲ್ಲ. ಉಪ್ಪು-ಧಾನ್ಯ ಅಳೆಯುತ್ತಿದ್ದ ಎರಡು ಪದಗಳನ್ನು ಅಳತೆಯೇ ಇಲ್ಲದ ಉದ್ಗಾರಕ್ಕೆ ಇಳಿಸಿದವರು ಇಲಾಖೆಯ ಅಳತೆಯನ್ನು ಒಣದೆಂದು ಜರೆಯುವುದು ನನಗೆ ತಮಾಷೆಯಾಗಿ ಕಾಣುತ್ತದೆ.

ಗಾಳಿಯ ಮರಿ ಏಣಿಯ ಬಗ್ಗೆ ಒಂದೇ ಮಾತು. ಬ್ಯೂಫೋರ್ಟ್ ಮಾಪನದಲ್ಲಿ ‘ಗೇಲ್’ ಎಂದರೆ ಗಂಟೆಗೆ 62ರಿಂದ 74 ಕಿ.ಮೀ. ವೇಗದಲ್ಲಿ ನಿಲ್ಲದೆ ಬೀಸುವ ಗಾಳಿ, ಕಡಲಿನವರ ಪದ. ಇಲ್ಲಿ ಗುಡುಗುಮಳೆಯ ಜೊತೆ ಬರುವುದು ನಿಮಿಷಗಳ ಹೊಡೆತ, 40-50 ಕಿ.ಮೀ. ಎಂದು ಮುನ್ಸೂಚನೆ ಇದ್ದರೂ ಬೇರು ಕಾಂಕ್ರೀಟಿನಡಿ ಸಿಕ್ಕಿದ ಗುಲ್‌ಮೊಹರ್ ಉರುಳುತ್ತದೆ. ಎರಡಕ್ಕೂ ನಮ್ಮವರು ಬಿರುಗಾಳಿ ಎಂದೇ ಬರೆಯುತ್ತಾರೆ.

ಹಾಗಾದರೆ ಮುನ್ಸೂಚನೆಯ ಆ ವಾಕ್ಯ ಹೇಗಿರಬೇಕು? ನನ್ನ ಕೈಗೆ ಕೊಟ್ಟರೆ ಹೀಗೆ ತಿದ್ದುತ್ತೇನೆ: ‘ಸಂಜೆ ನಾಲ್ಕರಿಂದ ಎಂಟರೊಳಗೆ ಬಿರುಮಳೆ. ಬಂದರೆ ಒಂದು ಗಂಟೆ. ಆ ಗಂಟೆಯಲ್ಲಿ 30-40 ಮಿ.ಮೀ. ಆಗಬಹುದು. ನಾಲ್ಕು ಬಡಾವಣೆಗಳಲ್ಲಿ ಒಂದಕ್ಕೆ ಬಂದೀತು.’ ಜುಲೈಯಲ್ಲಾದರೆ: ‘ನಾಳೆಯವರೆಗೆ ಜಡಿ. ಮೊತ್ತ 15-20.’ ರೀತಿಗೆ ಕನ್ನಡದ ಪದ, ಮೊತ್ತಕ್ಕೆ ಅಂಕಿ. ‘ಒಂದೆರಡು ಕಡೆ’ ಎಂದರೆ ಇಲಾಖೆಯ ಲೆಕ್ಕದಲ್ಲಿ ಮಾಪನ ಕೇಂದ್ರಗಳ ನಾಲ್ಕನೆಯ ಒಂದು ಭಾಗದವರೆಗೆ. ಅದನ್ನೂ ಬಿಡಿಸಿ ಹೇಳಿದಂತಾಯಿತು. ರಾಶಿಮೋಡ ಯಾವ ಬಡಾವಣೆಯ ಮೇಲೆ ಒಡೆಯುತ್ತದೆಂದು ಬೆಳಿಗ್ಗೆಯೇ ಹೇಳಲು ಯಾರಿಗೂ ಆಗುವುದಿಲ್ಲ, ಜೆ.ಪಿ. ನಗರ ತೊಯ್ದು ಜಯನಗರ ಒಣಗಿರುವ ಸಂಜೆಗಳು ಬೇಕಾದಷ್ಟು ಇರುತ್ತವೆ. ಆ ಅನಿಶ್ಚಯ ವಾಕ್ಯದಲ್ಲಿ ಕಾಣಲಿ. ‘ಸಾಧಾರಣ’ದ ಹಿಂದೆ ಅಡಗುವುದು ಬೇಡ.

ಬಳಗದ ಕಾರ್ಯದರ್ಶಿಗಳನ್ನು ಕಂಡು, ಏಣಿಯನ್ನು ಇಳಿಸಿ ಹನಿ, ಬಿಡುವು, ವೇಗ ಎಂದು ಮೂರು ಪಟ್ಟಿ ಮಾಡಿಸಿ ಎಂದೆ. ‘ಸಾರ್, ಬೋರ್ಡಿನಲ್ಲಿ ಮೊಳೆ ಒಂದೇ ಇರೋದು’ ಅಂದರು.