ಪಿನ್ ಜಾಗ ಯಾರಿಗೆ?

ಕಾಮೆಂಟೊಂದನ್ನು ಎಲ್ಲದರ ಮೇಲೆ ಪಿನ್ ಮಾಡುವ, ಮೆಚ್ಚಿದ್ದಕ್ಕೆ ಹಾರ್ಟ್ ಒತ್ತುವ ಸೌಲಭ್ಯವನ್ನು ಯೂಟ್ಯೂಬ್ ಕೊಟ್ಟದ್ದು 2016ರಲ್ಲಿ. ಕಾಮೆಂಟಿಗೆ ವಿಡಿಯೊದಲ್ಲೇ ಉತ್ತರಿಸುವುದನ್ನು ರೂಢಿಗೆ ತಂದದ್ದು ಟಿಕ್‌ಟಾಕ್. ಈಗ ರೀಲ್ಸ್, ಶಾರ್ಟ್ಸ್‌ನಲ್ಲೂ ಅದುಂಟು. ಯೂಟ್ಯೂಬಿನಲ್ಲಿ ಪಿನ್ ಮಾಡಲು ಸಿಗುವುದು ಒಂದೇ ಜಾಗ, ಹೊಸದನ್ನು ಏರಿಸಿದರೆ ಹಳೆಯದು ಇಳಿಯುತ್ತದೆ. ಆ ಒಂದು ಜಾಗವನ್ನೂ ಎಷ್ಟೋ ಚಾನೆಲ್‌ಗಳು ‘ಸಬ್‌ಸ್ಕ್ರೈಬ್ ಮಾಡಿ’ಗೋ ಖರೀದಿಯ ಲಿಂಕಿಗೋ ಕೊಟ್ಟುಬಿಡುತ್ತವೆ. ಬಳಗ ಬೇಕೆನ್ನುವವರು ಅದನ್ನು ನೋಡುಗರ ಪ್ರಶ್ನೆಗೆ ಬಿಟ್ಟುಕೊಡಬೇಕು ಎಂಬುದು ನನ್ನ ವಾದ.

ನೀರುದೋಸೆಯ ವಿಡಿಯೊ ಇದೆ ಎನ್ನಿ. ‘ಚೆನ್ನಾಗಿದೆ’, ‘ಸೂಪರ್’ಗಳ ನಡುವೆ ಒಬ್ಬರು, ‘ನನ್ನ ದೋಸೆ ಕಾವಲಿ ಬಿಟ್ಟು ಏಳುವುದೇ ಇಲ್ಲ’ ಎಂದು ಬರೆದಿದ್ದಾರೆ. ಪಿನ್ ಆಗಬೇಕಾದದ್ದು ಇದು. ಅದರ ಕೆಳಗೆ ಚಾನೆಲ್‌ನವರು ಪೂರ್ತಿ ಉತ್ತರ ಕೊಟ್ಟರೆ ಮಾತು ಅಲ್ಲಿಗೇ ಮುಗಿಯುತ್ತದೆ; ‘ಯಾವ ಅಕ್ಕಿ, ಎಂಥ ಕಾವಲಿ?’ ಎಂದು ಕೇಳಿದರೆ ಉಳಿದವರಿಗೂ ಬಾಯಿ ಬರುತ್ತದೆ. ಕಬ್ಬಿಣದ ಕಾವಲಿಯನ್ನು ಪಳಗಿಸಬೇಕೆಂದು ಒಬ್ಬರು, ಕುಸುಬಲಕ್ಕಿ ಬೇಡ, ಬೆಳ್ತಿಗೆಯೇ ಆಗಬೇಕೆಂದು ಇನ್ನೊಬ್ಬರು, ಹಿಟ್ಟು ತಳಕ್ಕೆ ಕೂರುವುದರಿಂದ ಪ್ರತಿ ಸೌಟಿಗೂ ಕದಡಬೇಕೆಂದು ಮತ್ತೊಬ್ಬರು ಹೇಳುತ್ತಾರೆ. ಹಾರ್ಟ್ ಸಲ್ಲಬೇಕಾದದ್ದು ಇಂಥ ಮಾತಿಗೆ. ಅದನ್ನು ಬರೆದವರ ಫೋನಿಗೆ ನೋಟಿಫಿಕೇಶನ್ ಹೋಗುತ್ತದೆ, ಅವರು ಮರಳಿ ಬಂದು ನೋಡುತ್ತಾರೆ. ಇನ್ನು ಶಾರ್ಟ್ಸ್‌ನಲ್ಲಿ ಉತ್ತರ: ಆ ಪ್ರಶ್ನೆ ಪರದೆಯ ಮೇಲೆ ಚೀಟಿಯಂತೆ ಅಂಟಿರುತ್ತದೆ, ಕೆಳಗೆ ತಿಳಿನೀರು ಮೇಲೆ ನಿಂತ ಹಿಟ್ಟಿನ ಪಾತ್ರೆ, ಅದನ್ನು ಕದಡುವ ಸೌಟು. ಕೈಯ ಕೆಲಸವನ್ನು ಬರೆದು ತಿಳಿಸುವುದು ಕಷ್ಟ, ಹಾಗಾಗಿ ಇಲ್ಲಿ ವಿಡಿಯೊ ಸಾರ್ಥಕ. ‘ಎಷ್ಟು ಹೊತ್ತು ನೆನೆಸಬೇಕು?’ ಎಂದವರಿಗೆ ಒಂದು ಸಾಲು ಸಾಕು.

ಹಾರ್ಟ್ ಆಸೆಗೆ ಜನ ಹೊಗಳಲು ಕಲಿಯುತ್ತಾರೆ ಎಂಬ ಆಕ್ಷೇಪವಿದೆ. ಹೊಗಳಿಕೆಗೆ ಕೊಟ್ಟರೆ ಹೌದು. ಎಲ್ಲದಕ್ಕೂ ಒತ್ತಿದರೆ ಅದಕ್ಕೆ ಬೆಲೆಯೂ ಇರದು. ತಪ್ಪು ತೋರಿಸಿದ ಕಾಮೆಂಟಿಗೆ ಹಾರ್ಟ್ ಬಿದ್ದದ್ದು ಕಂಡರೆ ಮುಂದಿನವರೂ ಧೈರ್ಯವಾಗಿ ತಿದ್ದುತ್ತಾರೆ. ಏನೇ ಆದರೂ ಲಗಾಮು ಚಾನೆಲ್‌ನವರ ಕೈಯಲ್ಲೇ ಅಲ್ಲವೇ ಎನ್ನುವವರ ಮಾತು ಹೆಚ್ಚು ತೂಕದ್ದು. ಕುಹಕದ ಕಾಮೆಂಟನ್ನು ಬೇಕೆಂದೇ ಪಿನ್ ಮಾಡಿ, ಅಭಿಮಾನಿಗಳನ್ನು ಬರೆದವರ ಮೇಲೆ ಛೂ ಬಿಡುವವರೂ ಇದ್ದಾರೆ. ಅಲ್ಲಿಯೂ ಗುಂಪು ಸೇರುತ್ತದೆ, ಜೋರಾಗಿಯೇ ಸೇರುತ್ತದೆ. ವ್ಯತ್ಯಾಸ ಕಾಣಬೇಕಾದರೆ ಕಾಮೆಂಟುಗಳ ಎಣಿಕೆ ಬಿಟ್ಟು ಪಿನ್ ಕೆಳಗಿನ ಉತ್ತರಗಳನ್ನು ಬಿಡಿಸಿ ಓದಬೇಕು: ಚಾನೆಲ್‌ನವರು ಸುಮ್ಮನಿದ್ದಾಗಲೂ ಒಬ್ಬ ನೋಡುಗರು ಇನ್ನೊಬ್ಬರಿಗೆ ಕಾವಲಿಯ ಉಪಾಯ ಹೇಳುತ್ತಿದ್ದಾರೆಯೇ, ಕೇಳಿದವರು ತಿರುಗಿ ಬಂದು ‘ಈ ಸಲ ಎದ್ದಿತು’ ಎಂದು ಬರೆದಿದ್ದಾರೆಯೇ?